ಯಾವ ತೂಕಕ್ಕೆ ಎಷ್ಟು ಪ್ರೋಟೀನ್?

ತೂಕ ಇಳಿಸಬೇಕೆಂದು ಹೊರಟವರಿಗೆ ಮೊದಲ ವಾರದಲ್ಲೇ ಯಾರಾದರೊಬ್ಬರು ಒಂದು ಸೂತ್ರ ಹೇಳಿಕೊಡುತ್ತಾರೆ: ಒಂದು ಕೆ.ಜಿ. ತೂಕಕ್ಕೆ 1.6 ಗ್ರಾಂ ಪ್ರೋಟೀನ್. ಹೇಳುವವರು ಜಿಮ್‌ನ ಟ್ರೇನರ್ ಇರಬಹುದು, ಆಫೀಸಿನ ಸಹೋದ್ಯೋಗಿ ಇರಬಹುದು. ಸೂತ್ರ ಸುಳ್ಳಲ್ಲ. ವ್ಯಾಯಾಮ ಮಾಡುವ, ಸಾಧಾರಣ ಮೈಕಟ್ಟಿನವರಿಗೆ ಅದು ಸರಿಯಾಗಿಯೇ ಹೊಂದುತ್ತದೆ. ತೊಂದರೆ ಶುರುವಾಗುವುದು ‘ತೂಕ’ ಎಂಬ ಕಡೆ ಬೊಜ್ಜಿರುವವರು ತಮ್ಮ ಇಂದಿನ ತೂಕವನ್ನು ಹಾಕಿ ಗುಣಿಸಿದಾಗ.

ಒಂದು ಉದಾಹರಣೆ ಇಟ್ಟುಕೊಂಡೇ ಮಾತಾಡೋಣ. ಸರೋಜಾ ಎಂಬ ಶಾಲಾ ಶಿಕ್ಷಕಿ ಇದ್ದಾರೆ ಎಂದಿಟ್ಟುಕೊಳ್ಳಿ. ಹೆಸರು ಕಾಲ್ಪನಿಕ, ಆದರೆ ಇಂಥವರು ಯಾವ ಊರಲ್ಲೂ ಸಿಗುತ್ತಾರೆ. ವಯಸ್ಸು 42, ಎತ್ತರ 158 ಸೆಂಟಿಮೀಟರ್, ತೂಕ 98 ಕೆ.ಜಿ. ಬಿಎಂಐ ಲೆಕ್ಕ ಹಾಕಿದರೆ 39 ದಾಟುತ್ತದೆ. ಭಾರತೀಯರಿಗೆ 25 ದಾಟಿದರೇ ಬೊಜ್ಜು ಎನ್ನುತ್ತಾರೆ ವೈದ್ಯರು. ಮನೆಯಲ್ಲಿ ಸಸ್ಯಾಹಾರ. ಬೆಳಗ್ಗೆ ಇಡ್ಲಿಯೋ ಉಪ್ಪಿಟ್ಟೋ, ಮಧ್ಯಾಹ್ನ ಡಬ್ಬಿಯಲ್ಲಿ ಅನ್ನ-ಸಾರು, ರಾತ್ರಿ ಮುದ್ದೆ ಅಥವಾ ಚಪಾತಿ, ನಡುವೆ ಎರಡು ಮೂರು ಕಾಫಿ.

“ಮೇಡಂ, ನಿಮ್ಮದು 98 ಕೆ.ಜಿ. ಅಲ್ವಾ? 1.6 ಅಂದ್ರೆ 157 ಗ್ರಾಂ ಆಗುತ್ತೆ” ಎನ್ನುತ್ತಾನೆ ಟ್ರೇನರ್.

157 ಗ್ರಾಂ ಪ್ರೋಟೀನ್ ಎಂದರೆ ಅಡುಗೆಮನೆಯ ಭಾಷೆಯಲ್ಲಿ ಏನು? ಹಸಿ ತೊಗರಿಬೇಳೆಯಲ್ಲಿ ನೂರು ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತದೆ. ಬೇಳೆಯೊಂದರಿಂದಲೇ 157 ಗ್ರಾಂ ತುಂಬಿಸಬೇಕೆಂದರೆ ದಿನಕ್ಕೆ ಮುಕ್ಕಾಲು ಕೆ.ಜಿ.ಯ ಹತ್ತಿರ ಬೇಳೆ ಬೇಯಿಸಬೇಕು. ಅಷ್ಟು ಬೇಳೆಯ ಕ್ಯಾಲೊರಿಯೇ 2,300 ದಾಟುತ್ತದೆ. ಅಂದರೆ ಎಣ್ಣೆ, ಅನ್ನ, ತರಕಾರಿ, ಹಾಲು ಯಾವುದೂ ಇಲ್ಲದೆಯೇ ಅವರ ಇಡೀ ದಿನದ ಖರ್ಚನ್ನು ಮೀರಿಸಿದ ಊಟ. ಯಾರೂ ಬೇಳೆಯೊಂದನ್ನೇ ತಿನ್ನುವುದಿಲ್ಲ, ನಿಜ. ಆದರೆ ನಮ್ಮ ಸಸ್ಯಾಹಾರದಲ್ಲಿ ಪ್ರೋಟೀನ್ ಒಂಟಿಯಾಗಿ ಬರುವುದಿಲ್ಲ, ಪಿಷ್ಟವನ್ನೋ ಕೊಬ್ಬನ್ನೋ ಜೊತೆಗೆ ಕರೆದುಕೊಂಡೇ ಬರುತ್ತದೆ ಎಂಬುದು ಈ ಲೆಕ್ಕದಿಂದ ಗೊತ್ತಾಗುತ್ತದೆ. ಹಾಗಾಗಿ ಉಳಿಯುವ ದಾರಿ ಪ್ರೋಟೀನ್ ಪೌಡರ್ ಡಬ್ಬ. ಡಬ್ಬ ಮುಗಿದ ತಿಂಗಳು ಉತ್ಸಾಹವೂ ಮುಗಿಯುತ್ತದೆ.

ಇಷ್ಟು ಪ್ರೋಟೀನ್ ಸರೋಜಾ ಅವರಿಗೆ ಯಾಕೆ ಬೇಡ? ಪ್ರೋಟೀನ್ ಬೇಕಾಗುವುದು ಸ್ನಾಯು, ಲಿವರ್, ಕರುಳು, ಚರ್ಮ, ರಕ್ತ ಇವುಗಳನ್ನು ದಿನವೂ ರಿಪೇರಿ ಮಾಡುವುದಕ್ಕೆ. ಕೊಬ್ಬಿನ ಕೋಶದೊಳಗೆ ತುಂಬಿರುವ ಎಣ್ಣೆಯಂಥ ಪದಾರ್ಥಕ್ಕೆ ಪ್ರೋಟೀನಿನ ಹಂಗೇ ಇಲ್ಲ. ಕಣಜದಲ್ಲಿ ರಾಗಿ ಎಷ್ಟಿದೆ ಎಂದು ನೋಡಿ ಮನೆಮಂದಿಗೆ ಅಡುಗೆ ಮಾಡುವುದಿಲ್ಲವಲ್ಲ, ಹಾಗೆ. 98 ಕೆ.ಜಿ. ಸರೋಜಾ ಅವರ ಮೈಯಲ್ಲಿ ಕೊಬ್ಬು ಬಿಟ್ಟು ಉಳಿದ ತೂಕ 50 ಕೆ.ಜಿ. ಆಸುಪಾಸಿನಲ್ಲಿ ಇರುತ್ತದೆ. ಪ್ರೋಟೀನ್ ಕೇಳುವುದು ಆ 50.

ಹಾಗಾದರೆ ಎಷ್ಟು ಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಶಿಫಾರಸಿನಲ್ಲಿ ಆರೋಗ್ಯವಂತ ವಯಸ್ಕರಿಗೆ ಕೆ.ಜಿ.ಗೆ 0.83 ಗ್ರಾಂ ಸಾಕು ಎಂದಿದೆ. ಆದರೆ ಅಲ್ಲಿ ಲೆಕ್ಕಕ್ಕೆ ಹಿಡಿದ ಮಾದರಿ ಮಹಿಳೆಯ ತೂಕ 55 ಕೆ.ಜಿ., ಆಕೆಗೆ ದಿನಕ್ಕೆ 46 ಗ್ರಾಂ. ಹೊಟ್ಟೆ ತುಂಬ ಉಂಡು, ತೂಕ ಏರದೆ ಇಳಿಯದೆ ಇರುವವರ ಲೆಕ್ಕ ಅದು. ಊಟ ಕಡಿಮೆ ಮಾಡಿದಾಗ ಕತೆ ಬೇರೆ. ಶಕ್ತಿ ಸಾಲದೆ ಬಂದಾಗ ದೇಹ ಕೊಬ್ಬನ್ನಷ್ಟೇ ಸುಡುವುದಿಲ್ಲ, ಸ್ನಾಯುವಿಗೂ ಕೈ ಹಾಕುತ್ತದೆ. ಇಳಿದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲದ್ದು ಎಂಬುದು ಈ ಕ್ಷೇತ್ರದವರು ಬಹಳ ಕಾಲದಿಂದ ಹಿಡಿದುಕೊಂಡು ಬಂದಿರುವ ಒರಟು ಅಂದಾಜು. ಈ ನಷ್ಟವನ್ನು ತಗ್ಗಿಸಲು ಪ್ರೋಟೀನ್ ಹೆಚ್ಚಿಸಬೇಕು, ಜೊತೆಗೆ ಸ್ನಾಯುಗಳಿಗೆ ಭಾರದ ಕೆಲಸ ಕೊಡಬೇಕು. ಅದಕ್ಕೇ ತೂಕ ಇಳಿಸುವವರಿಗೆ 1.2ರಿಂದ 1.5 ಗ್ರಾಂ ಎನ್ನುವುದು. ಆದರೆ ಗುಣಿಸಬೇಕಾದ್ದು ಗುರಿ ತೂಕದಿಂದ.

ಗುರಿ ತೂಕ ಯಾವುದು? ಬಿಎಂಐ 25 ಆಗುವ ತೂಕ ಎಂದುಕೊಂಡರೆ 158 ಸೆಂಟಿಮೀಟರ್ ಎತ್ತರಕ್ಕೆ 62 ಕೆ.ಜಿ. ಬರುತ್ತದೆ. 23 ಎಂದು ಬಿಗಿ ಹಿಡಿದರೆ 57. ಎತ್ತರದಿಂದ ನೂರು ಕಳೆಯುವ ಹಳೆಯ ಲೆಕ್ಕ ಹಿಡಿದರೆ 58. ಇವುಗಳಲ್ಲಿ ಯಾವುದು ಸರಿ ಎಂದು ಜಗಳಕ್ಕೆ ನಿಲ್ಲಬೇಕಿಲ್ಲ. 57ಕ್ಕೂ 62ಕ್ಕೂ ಪ್ರೋಟೀನಿನಲ್ಲಿ ಆಗುವ ವ್ಯತ್ಯಾಸ ದಿನಕ್ಕೆ ಆರೇಳು ಗ್ರಾಂ, ಅಂದರೆ ಒಂದು ಲೋಟ ಹಾಲು. 62ನ್ನೇ ಇಟ್ಟುಕೊಂಡು 1.3ರಿಂದ ಗುಣಿಸಿದರೆ 80 ಗ್ರಾಂ ಸಿಗುತ್ತದೆ.

ಇದನ್ನು ಬೇರೆ ದಾರಿಯಿಂದಲೂ ಪರೀಕ್ಷಿಸಬಹುದು. ಸಾಧಾರಣ ಮೈಕಟ್ಟಿನವರಲ್ಲಿ ಕೊಬ್ಬಿಲ್ಲದ ತೂಕ ಒಟ್ಟಿನ ಮುಕ್ಕಾಲು ಭಾಗದ ಹತ್ತಿರ ಇರುತ್ತದೆ. ಒಟ್ಟು ತೂಕದ ಕೆ.ಜಿ.ಗೆ 1.2 ಗ್ರಾಂ ಎಂದರೆ ಕೊಬ್ಬಿಲ್ಲದ ಕೆ.ಜಿ.ಗೆ 1.6 ಎಂದ ಹಾಗಾಯಿತು. ಸರೋಜಾ ಅವರ 50 ಕೆ.ಜಿ.ಗೆ 1.6 ಹಾಕಿದರೆ ಮತ್ತೆ 80. ಆಸ್ಪತ್ರೆಯ ಡಯಟೀಷಿಯನ್‌ಗಳು ಬಳಸುವ ಮೂರನೆಯ ದಾರಿ ಒಂದಿದೆ. ಗುರಿ ತೂಕಕ್ಕಿಂತ ಹೆಚ್ಚಿರುವುದರಲ್ಲಿ ಕಾಲು ಭಾಗವನ್ನು ಮಾತ್ರ ಗುರಿ ತೂಕಕ್ಕೆ ಸೇರಿಸುವುದು. ಹೆಚ್ಚಿನ ತೂಕ ಪೂರ್ತಿ ಕೊಬ್ಬಲ್ಲ, ಅದನ್ನು ಹೊರಲು ಬೆಳೆದ ಸ್ನಾಯು, ರಕ್ತ, ಚರ್ಮವೂ ಅದರಲ್ಲಿ ಸೇರಿದೆ ಎಂಬುದು ಇದರ ತರ್ಕ. 98ರಲ್ಲಿ 62 ಕಳೆದರೆ 36, ಅದರ ಕಾಲು 9, ಒಟ್ಟು 71 ಕೆ.ಜಿ. ಇದಕ್ಕೆ 1.2 ಹಾಕಿದರೆ 85 ಗ್ರಾಂ. ಮೂರು ದಾರಿಯೂ 80-85ರ ಬಳಿಯೇ ಬಂದು ನಿಂತವು. 157 ಎಲ್ಲಿ, 80 ಎಲ್ಲಿ! ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಹೇಳುವ ಮಾತೂ ಇದೇ ಜಾಡಿನದು: ದಿನಕ್ಕೆ ಕನಿಷ್ಠ 60 ಗ್ರಾಂ, ಹೆಚ್ಚೆಂದರೆ ಆದರ್ಶ ತೂಕದ ಕೆ.ಜಿ.ಗೆ 1.5 ಗ್ರಾಂ. ಅವರಿಗೂ ಇಂದಿನ ತೂಕದಿಂದ ಗುಣಿಸಿ ಎಂದು ಹೇಳುವುದಿಲ್ಲ.

ಗುರಿ ತೂಕದ ಲೆಕ್ಕಕ್ಕೆ ಇನ್ನೊಂದು ಅನುಕೂಲವಿದೆ. ಇಂದಿನ ತೂಕದಿಂದ ಗುಣಿಸಿದರೆ ತೂಕ ಇಳಿದಂತೆಲ್ಲ ಪ್ರೋಟೀನ್ ಗುರಿಯೂ ಇಳಿಯುತ್ತಾ ಹೋಗುತ್ತದೆ. ಸ್ನಾಯುವಿಗೆ ಕಾವಲು ಬೇಕಾಗಿರುವ ಹೊತ್ತಿಗೇ ಕಾವಲು ಕಮ್ಮಿಯಾದಂತೆ. ಗುರಿ ತೂಕ ಮಾತ್ರ ಬದಲಾಗುವುದಿಲ್ಲ. ಸರೋಜಾ ಅವರಿಗೆ ಮೊದಲ ದಿನವೂ 80, ಎರಡು ವರ್ಷದ ಮೇಲೂ 80.

ಇನ್ನು ಕ್ಯಾಲೊರಿ. ಜನ ಹೆಚ್ಚು ಎಡವುವುದು ಇಲ್ಲಿಯೇ. ಪ್ರೋಟೀನಿಗೆ ಗುರಿ ತೂಕ ಎಂದ ಮೇಲೆ ಕ್ಯಾಲೊರಿಗೂ ಅದನ್ನೇ ಹಾಕಿ, ಆಮೇಲೆ ಅದರಲ್ಲಿ 500 ಕಳೆದುಬಿಡುತ್ತಾರೆ. ಹಾಗೆ ಮಾಡಿದರೆ ಒಂದೇ ಊಟಕ್ಕೆ ಎರಡು ಸಲ ಕತ್ತರಿ ಬೀಳುತ್ತದೆ.

ಸಾಮಾನ್ಯವಾಗಿ ಬಳಸುವ ಸೂತ್ರ ಮಿಫ್ಲಿನ್ ಮತ್ತು ಸೇಂಟ್ ಜಿಯೋರ್ ಹೆಸರಿನದು, 1990ರಲ್ಲಿ ಅಮೆರಿಕದಲ್ಲಿ ಬಂದದ್ದು. 498 ಜನರ ಉಸಿರಾಟವನ್ನು ಅಳೆದು ಮಾಡಿದ ಈ ಸೂತ್ರದ ವಿಶೇಷವೆಂದರೆ ಅವರಲ್ಲಿ ಅರ್ಧದಷ್ಟು ಮಂದಿ ಬೊಜ್ಜಿದ್ದವರು. ಅದಕ್ಕೂ ಮುಂಚಿನ, 1919ರ ಹ್ಯಾರಿಸ್-ಬೆನೆಡಿಕ್ಟ್ ಸೂತ್ರವನ್ನು ಹೆಚ್ಚಾಗಿ ಸಾಧಾರಣ ತೂಕದವರ ಮೇಲೆ ಕಟ್ಟಲಾಗಿತ್ತು. ಮಹಿಳೆಯರಿಗೆ ಮಿಫ್ಲಿನ್ ಸೂತ್ರ ಹೀಗಿದೆ:

10 × ತೂಕ (ಕೆ.ಜಿ.) + 6.25 × ಎತ್ತರ (ಸೆಂ.ಮೀ.) − 5 × ವಯಸ್ಸು − 161

ಗಂಡಸರಿಗೆ ಕೊನೆಯಲ್ಲಿ 161 ಕಳೆಯುವ ಬದಲು 5 ಕೂಡಿಸಬೇಕು. ಬರುವ ಅಂಕಿ ಸುಮ್ಮನೆ ಮಲಗಿದ್ದರೂ ದೇಹ ಒಂದು ದಿನಕ್ಕೆ ಸುಡುವ ಕ್ಯಾಲೊರಿ. ಓಡಾಟದ ಪಾಲು ಸೇರಿಸಲು ಅದನ್ನು ಗುಣಿಸಬೇಕು. ಹೆಚ್ಚು ಕೂತೇ ಇರುವವರಿಗೆ 1.2ರಿಂದ 1.4ರವರೆಗೆ ಹಿಡಿಯುತ್ತಾರೆ. ಸರೋಜಾ ಅವರಿಗೆ 1.3 ಇರಲಿ.

ಇಂದಿನ 98 ಕೆ.ಜಿ. ಹಾಕಿದರೆ 1,597 ಬರುತ್ತದೆ. 1.3ರಿಂದ ಗುಣಿಸಿದರೆ 2,075. ಇದು ಅವರ ಇಂದಿನ ದಿನದ ಖರ್ಚು. ಇದರಲ್ಲಿ 500 ಕಳೆದರೆ 1,575. ಈಗ ಇನ್ನೊಂದು ದಾರಿ ನೋಡಿ. ಗುರಿ ತೂಕ 62 ಹಾಕಿದರೆ 1,237, ಗುಣಿಸಿದರೆ 1,600ರ ಹತ್ತಿರ. ಇದು 62 ಕೆ.ಜಿ.ಯ ಸರೋಜಾ ತೂಕ ಏರದಂತೆ ಇಳಿಯದಂತೆ ತಿನ್ನಬಹುದಾದ ಊಟ. 98 ಕೆ.ಜಿ. ಇರುವವರು ಈ ಊಟಕ್ಕೆ ಬಂದರೆ ಕೊರತೆ ತಾನಾಗಿಯೇ ಬರುತ್ತದೆ, ಬೇರೆ ಕಳೆಯುವ ಅಗತ್ಯವಿಲ್ಲ. ಎರಡು ದಾರಿಯೂ 1,600ರ ಸುತ್ತಲೇ ಸೇರುತ್ತವೆ. ಆದರೆ ಗುರಿ ತೂಕ ಹಾಕಿ, ಮೇಲೆ 500 ಕಳೆದರೆ ಉಳಿಯುವುದು 1,100. ದಿನವಿಡೀ ತರಗತಿಯಲ್ಲಿ ನಿಲ್ಲುವ ಹೆಂಗಸು 1,100ರಲ್ಲಿ ಎಷ್ಟು ದಿನ ತಾಳುತ್ತಾರೆ? ಸಂಜೆ ಮನೆಗೆ ಬಂದವರು ಸೀದಾ ಚಕ್ಕುಲಿ ಡಬ್ಬಕ್ಕೇ ಕೈ ಹಾಕಿದರೆ ಅವರನ್ನು ದೂರುವ ಹಾಗಿಲ್ಲ, ಆ ಲೆಕ್ಕವನ್ನೇ ದೂರಬೇಕು.

ಇದಕ್ಕೆ ಉಲ್ಟಾ ತಪ್ಪೂ ಇದೆ. ಕೆ.ಜಿ.ಗೆ 30 ಕ್ಯಾಲೊರಿ ಎಂಬ ಸರಳ ಲೆಕ್ಕವನ್ನು ಇಂದಿನ ತೂಕಕ್ಕೆ ಹಾಕುವುದು. 98ಕ್ಕೆ 2,940 ಬರುತ್ತದೆ. ಅವರ ನಿಜವಾದ ಖರ್ಚು 2,075. ‘ಲೆಕ್ಕದ ಪ್ರಕಾರ’ ತಿಂದು ತೂಕ ಏರಿಸಿಕೊಳ್ಳುವುದು ಎಂದರೆ ಇದೇ. ಕೊಬ್ಬಿನ ಅಂಗಾಂಶ ದಿನಕ್ಕೆ ಕೆ.ಜಿ.ಗೆ ನಾಲ್ಕೈದು ಕ್ಯಾಲೊರಿ ಮಾತ್ರ ಸುಡುತ್ತದೆ, ವಿಶ್ರಾಂತಿಯಲ್ಲಿರುವ ಸ್ನಾಯು ಸುಮಾರು 13, ಲಿವರ್ ಸುಮಾರು 200. ಹೀಗಿರುವಾಗ ಪ್ರತಿ ಕೆ.ಜಿ.ಗೂ 30ರಂತೆ ಹಂಚುವುದು ಹೇಗೆ ಸರಿಯಾದೀತು? ಮಿಫ್ಲಿನ್ ಸೂತ್ರದಲ್ಲಿ ಹೆಚ್ಚುವರಿ ಪ್ರತಿ ಕೆ.ಜಿ.ಗೆ ಸಿಗುವುದು 10 ಮಾತ್ರ. ಕೊಬ್ಬಿನ ಜೊತೆ ಬೆಳೆದ ಬೇರೆ ಅಂಗಾಂಶದ ಪಾಲೂ ಆ ಹತ್ತರಲ್ಲಿ ಸೇರಿದೆ. ಇಂದಿನ ತೂಕವನ್ನು ಹಾಕಿಯೂ ಈ ಸೂತ್ರ ದಾರಿ ತಪ್ಪದಿರುವುದು ಅದಕ್ಕೇ.

ಕೊಬ್ಬಿಲ್ಲದ ತೂಕವನ್ನೇ ಅಳೆದು ಲೆಕ್ಕ ಹಾಕಿದರೆ ಇನ್ನೂ ಕರಾರುವಾಕ್ಕಲ್ಲವೇ ಎಂದು ಕೇಳಬಹುದು. ತಾತ್ವಿಕವಾಗಿ ಹೌದು. ಆದರೆ ಅಳೆಯುವುದು ಹೇಗೆ? ಡೆಕ್ಸಾ ಸ್ಕ್ಯಾನ್ ಚೆನ್ನಾಗಿ ಹೇಳುತ್ತದೆ, ಎಲ್ಲ ಊರಲ್ಲೂ ಸಿಗುವುದಿಲ್ಲ. ಜಿಮ್‌ನಲ್ಲಿ ಬರಿಗಾಲಲ್ಲಿ ನಿಲ್ಲಿಸಿ, ಕೈಗೆ ಹಿಡಿ ಕೊಟ್ಟು, ಚೀಟಿ ಮುದ್ರಿಸಿ ಕೊಡುವ ಯಂತ್ರ ದೇಹದೊಳಗೆ ಸಣ್ಣ ವಿದ್ಯುತ್ ಹರಿಸಿ ನೀರಿನ ಅಂಶವನ್ನು ಅಂದಾಜಿಸುತ್ತದೆ, ಅದರಿಂದ ಉಳಿದದ್ದನ್ನು ಊಹಿಸುತ್ತದೆ. ವಿದ್ಯುತ್ತಿಗೆ ಅಡ್ಡಿಯಾಗುವುದು ಹೆಚ್ಚಾಗಿ ತೆಳುವಾದ ಕೈಕಾಲು. ದೇಹದ ಅರ್ಧ ತೂಕ ಹೊತ್ತ ಹೊಟ್ಟೆ-ಎದೆಯ ಭಾಗದ ಪಾಲು ಆ ಅಳತೆಯಲ್ಲಿ ತೀರಾ ಕಡಿಮೆ. ಹಾಗಾಗಿ ಬೊಜ್ಜು ಹೆಚ್ಚಿದ್ದವರಲ್ಲಿ ಅದು ಕೊಬ್ಬನ್ನು ಕಡಿಮೆ, ಸ್ನಾಯುವನ್ನು ಹೆಚ್ಚು ತೋರಿಸುವುದುಂಟು. ಕಾಲು ಊದಿದ್ದರೆ, ನೀರು ಕುಡಿದು ಹೋದರೆ, ವ್ಯಾಯಾಮ ಮುಗಿಸಿ ನಿಂತರೆ ಒಂದೊಂದು ಸಲ ಒಂದೊಂದು ಅಂಕಿ. ಆ ಚೀಟಿಯನ್ನು ನಂಬಿ ಪ್ರೋಟೀನ್ ಲೆಕ್ಕ ಬದಲಿಸುವುದಕ್ಕಿಂತ ಎತ್ತರದಿಂದ ಬಂದ ಗುರಿ ತೂಕವೇ ನನಗೆ ಮೇಲೆನಿಸುತ್ತದೆ. ಎತ್ತರ ಬೆಳಗ್ಗೆಯಿಂದ ಸಂಜೆಗೆ ಅಷ್ಟಾಗಿ ಬದಲಾಗುವುದಿಲ್ಲ.

ಗುರಿ ತೂಕದ ದಾರಿ ಕೈಕೊಡುವುದು ಬೊಜ್ಜು ತೀರಾ ಹೆಚ್ಚಿದ್ದಾಗ. 30 ವರ್ಷದ, 175 ಸೆಂಟಿಮೀಟರ್ ಎತ್ತರದ, 150 ಕೆ.ಜಿ. ತೂಕದ ಯುವಕನನ್ನು ನೆನೆಸಿಕೊಳ್ಳಿ. ಬಿಎಂಐ 25ರ ಲೆಕ್ಕದಲ್ಲಿ ಅವನ ಗುರಿ 77 ಕೆ.ಜಿ. ಆದರೆ ಅಷ್ಟು ಭಾರ ಹೊತ್ತು ಬೆಳೆದ ಮೈಯಲ್ಲಿ ಕೊಬ್ಬಿಲ್ಲದ ತೂಕವೇ 77ನ್ನು ದಾಟಿರಬಹುದು. 77ಕ್ಕೆ ಬೇಕಾಗುವಷ್ಟೇ ಅಂದರೆ 2,230 ಕ್ಯಾಲೊರಿ ತಿನ್ನು ಎಂದರೆ ಅವನ 3,180ರ ಖರ್ಚಿನೆದುರು 950ರ ಕೊರತೆ ಬೀಳುತ್ತದೆ. ಹಸಿವು ತಡೆಯಲಾರದೆ ಎರಡೇ ವಾರಕ್ಕೆ ಬಿಟ್ಟುಬಿಡುತ್ತಾನೆ. ಇಂಥವರಿಗೆ ಇಂದಿನ ತೂಕದ ಖರ್ಚಿನಿಂದ 500-600 ಕಳೆಯುವ ದಾರಿಯೇ ಮೇಲು. ಪ್ರೋಟೀನಿಗೆ ಕಾಲು ಭಾಗ ಸೇರಿಸುವ ಲೆಕ್ಕ ಹಿಡಿಯಬೇಕು. ಅಲ್ಲಿ 95 ಕೆ.ಜಿ. ಬರುತ್ತದೆ, ಸುಮಾರು 115 ಗ್ರಾಂ ಪ್ರೋಟೀನ್.

ಸರೋಜಾ ಅವರ ಅಡುಗೆಮನೆಗೆ ವಾಪಸ್ ಬರೋಣ. 1,600 ಕ್ಯಾಲೊರಿಯಲ್ಲಿ 80 ಗ್ರಾಂ ಪ್ರೋಟೀನ್ ಹಿಡಿಸಬೇಕು. ಮೊಟ್ಟೆಯೂ ಇಲ್ಲ, ಡಬ್ಬದ ಪೌಡರೂ ಇಲ್ಲ. ಆಗುತ್ತದೆಯೇ? ಆಗುತ್ತದೆ, ಆದರೆ ಅನ್ನದ ಪಾತ್ರೆ ಚಿಕ್ಕದಾಗಬೇಕು, ಕಾಳಿನ ಪಾತ್ರೆ ದೊಡ್ಡದಾಗಬೇಕು. ಇಲ್ಲಿ ಹೇಳುವ ತೂಕವೆಲ್ಲ ಬೇಯಿಸುವ ಮೊದಲಿನದು. ಬೆಂದ ಮೇಲೆ ಬೇಳೆ ನೀರು ಕುಡಿದು ಎರಡೂವರೆ ಮೂರು ಪಟ್ಟಾಗುತ್ತದೆ. ಬೆಂದ ನೂರು ಗ್ರಾಂ ಬೇಳೆಗೆ 22 ಗ್ರಾಂ ಪ್ರೋಟೀನ್ ಬರೆದುಕೊಳ್ಳುವುದು ಈ ಲೆಕ್ಕದಲ್ಲಿ ಪದೇ ಪದೇ ಕಾಣುವ ತಪ್ಪು.

ಬೆಳಗ್ಗೆ ಇಡ್ಲಿಯ ಬದಲು 50 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ದೋಸೆ. ಅದರಿಂದ 11-12 ಗ್ರಾಂ. ಮಧ್ಯಾಹ್ನದ ಡಬ್ಬಿಗೆ 60 ಗ್ರಾಂ ಅಕ್ಕಿಯ ಅನ್ನ, 50 ಗ್ರಾಂ ಬೇಳೆಯ ಗಟ್ಟಿ ಹುಳಿ. ತಿಳಿಸಾರಿನಲ್ಲಿ ಬೇಳೆಯ ಕಟ್ಟು ಮಾತ್ರ ಇರುತ್ತದೆ, ಪ್ರೋಟೀನ್ ತಳದಲ್ಲಿ ಉಳಿಯುತ್ತದೆ, ಹಾಗಾಗಿ ‘ದಿನಾ ಸಾರು ತಿಂತೀವಲ್ಲ’ ಎಂಬ ಸಮಾಧಾನಕ್ಕೆ ಅರ್ಥವಿಲ್ಲ. ಅನ್ನ, ಹುಳಿ ಎರಡೂ ಸೇರಿ 15-16 ಗ್ರಾಂ. ಪಲ್ಯಕ್ಕೆ 25 ಗ್ರಾಂ ಸೋಯಾ, ಅಂಗಡಿಯಲ್ಲಿ ಮೀಲ್ ಮೇಕರ್ ಎಂದು ಕೇಳಿದರೆ ಸಿಗುವುದು. ಅದರಲ್ಲಿ ಅರ್ಧಕ್ಕರ್ಧ ಪ್ರೋಟೀನ್, ಹೀಗೆ 13 ಗ್ರಾಂ. ಸಂಜೆ 30 ಗ್ರಾಂ ಹುರುಳಿಯ ಮೊಳಕೆ ಉಸಲಿ, ಆರೂವರೆ. ರಾತ್ರಿ 80 ಗ್ರಾಂ ಹಿಟ್ಟಿನ ಒಂದು ಸಣ್ಣ ಮುದ್ದೆ, ಆರಕ್ಕೆ ಸ್ವಲ್ಪ ಕಡಿಮೆ. ದಿನದ ಕಾಫಿ, ಮೊಸರು, ಮಜ್ಜಿಗೆ ಎಲ್ಲ ಸೇರಿ ಅರ್ಧ ಲೀಟರ್ ಕೆನೆ ತೆಗೆದ ಹಾಲಿನ ಲೆಕ್ಕ, 16 ಗ್ರಾಂ. ಒಂದು ಹಿಡಿ ಕಡಲೆಕಾಯಿ ಬೀಜ ನಾಲ್ಕೂವರೆ, ಮೂರು ನಾಲ್ಕು ಬಟ್ಟಲು ಸೊಪ್ಪು-ತರಕಾರಿ ಏಳು. ಕೂಡಿದರೆ 80 ಆಯಿತು. ಮೂರು ಚಮಚ ಎಣ್ಣೆಯನ್ನೂ ಸೇರಿಸಿದರೆ ಕ್ಯಾಲೊರಿ 1,600ರ ಆಸುಪಾಸಿಗೆ ಬರುತ್ತದೆ. ಮೊಟ್ಟೆ ತಿನ್ನುವವರು ಸೋಯಾ ಬದಲು ಎರಡು ಮೊಟ್ಟೆ ಬೇಯಿಸಿಕೊಳ್ಳಬಹುದು. ಕರಾವಳಿಯವರಿಗೆ ಇನ್ನೂ ಸುಲಭ: 100 ಗ್ರಾಂ ಮೀನಿನಲ್ಲೇ 20 ಗ್ರಾಂ ಹತ್ತಿರ ಸಿಗುತ್ತದೆ. ಹುರಿಯದೆ ಸಾರು ಮಾಡಬೇಕು, ಅಷ್ಟೆ.

ಇದರಲ್ಲಿ ಬಿಗಿ ಹಿಡಿಯಬೇಕಾದ ಜಾಗ ಎಣ್ಣೆ. ಒಂದು ಚಮಚಕ್ಕೆ 45 ಕ್ಯಾಲೊರಿ. ಒಗ್ಗರಣೆಗೆ ಬಾಟಲಿಯಿಂದ ನೇರ ಸುರಿದರೆ ಎಷ್ಟು ಬಿತ್ತೆಂದು ಯಾರಿಗೂ ಗೊತ್ತಾಗುವುದಿಲ್ಲ. ತಿಂಗಳಿಗೆ ಮನೆಗೆ ತಂದ ಎಣ್ಣೆಯನ್ನು ತಲೆ ಎಣಿಸಿ ಭಾಗಿಸಿ ನೋಡಿದರೆ ನಿಜ ಹೊರಬೀಳುತ್ತದೆ. ತಿಂದದ್ದನ್ನು ಕಡಿಮೆ ಎಣಿಸುವುದು ಎಲ್ಲರ ಸ್ವಭಾವ. 1992ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಅಧ್ಯಯನ ನಡೆಯಿತು. ಎಷ್ಟು ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ ಎನ್ನುತ್ತಿದ್ದವರ ಊಟವನ್ನು ಅಳೆದರು. ಅವರ ದೇಹದ ಖರ್ಚು ಸಹಜವಾಗಿಯೇ ಇತ್ತು, ಊಟವನ್ನು ಮಾತ್ರ ಸರಾಸರಿ ಶೇ. 47ರಷ್ಟು ಕಡಿಮೆ ಬರೆದುಕೊಂಡಿದ್ದರು. ಸುಳ್ಳು ಹೇಳಬೇಕೆಂದು ಬರೆದದ್ದಲ್ಲ, ಕಣ್ಣಳತೆಯೇ ಹಾಗೆ. ಒಂದು ಅಡುಗೆ ತಕ್ಕಡಿ ಎರಡು ವಾರ ಬಳಸಿದರೆ ಕಣ್ಣು ಪಳಗುತ್ತದೆ.

ತೂಕ ಹೇಗೆ ಇಳಿಯುತ್ತದೆ ಎಂಬುದನ್ನೂ ಮೊದಲೇ ತಿಳಿದಿರುವುದು ಒಳ್ಳೆಯದು. ಒಂದು ಕೆ.ಜಿ. ಕೊಬ್ಬಿನ ಅಂಗಾಂಶದಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ದಿನಕ್ಕೆ 475ರ ಕೊರತೆ ಎಂದರೆ ಮೊದಲ ತಿಂಗಳುಗಳಲ್ಲಿ ತಿಂಗಳಿಗೆ ಹೆಚ್ಚು ಕಡಿಮೆ ಎರಡು ಕೆ.ಜಿ. ಮೊದಲ ಎರಡು ವಾರ ಇನ್ನೂ ಬೇಗ ಇಳಿಯಬಹುದು, ಅದರಲ್ಲಿ ಬಹುಪಾಲು ನೀರು. ಹಿಗ್ಗುವುದು ಬೇಡ. 88 ಕೆ.ಜಿ.ಗೆ ಬಂದಾಗ ಸರೋಜಾ ಅವರ ದಿನದ ಖರ್ಚು 2,075ರಿಂದ 1,945ಕ್ಕೆ ಇಳಿದಿರುತ್ತದೆ. ಅದೇ 1,600 ತಿಂದರೂ ಕೊರತೆ 345 ಮಾತ್ರ. 75 ತಲುಪುವ ಹೊತ್ತಿಗೆ ಅದು 175ರ ಹತ್ತಿರ ಬರುತ್ತದೆ, ತಿಂಗಳಿಗೆ ಅರ್ಧ ಮುಕ್ಕಾಲು ಕೆ.ಜಿ. ಇದರ ಮೇಲೆ ತೂಕ ಇಳಿದ ದೇಹ ಸೂತ್ರ ಹೇಳಿದ್ದಕ್ಕಿಂತ ತುಸು ಕಡಿಮೆಯೇ ಸುಡುವುದುಂಟು. ‘ಮೊದಲಿನ ಹಾಗೆ ಇಳೀತಾ ಇಲ್ಲ’ ಎಂದು ಹತ್ತು ತಿಂಗಳಿಗೆ ಕೇಳಿಬರುವ ದೂರಿಗೆ ಕಾರಣ ಇದು. ಆಗ ಊಟವನ್ನು ಇನ್ನೂ ಕತ್ತರಿಸುವ ಬದಲು ನಡಿಗೆ ಹೆಚ್ಚಿಸಬಹುದು, ಅಥವಾ ಅಲ್ಲಿಯೇ ಕೆಲವು ತಿಂಗಳು ನಿಲ್ಲಬಹುದು. 98ರಿಂದ 88ಕ್ಕೆ ಬಂದವರಿಗೇ ಸಕ್ಕರೆ, ರಕ್ತದೊತ್ತಡ, ಮಂಡಿನೋವಿನಲ್ಲಿ ಸಾಮಾನ್ಯವಾಗಿ ವ್ಯತ್ಯಾಸ ಕಾಣಿಸುತ್ತದೆ. 62 ಎಂಬುದು ಲೆಕ್ಕಕ್ಕೆ ಬೇಕಾದ ಅಂಕಿ. ಅದನ್ನು ಮುಟ್ಟಲೇಬೇಕೆಂಬ ಶಪಥ ಬೇಡ.

ಸೂತ್ರ ಎಷ್ಟೇ ಒಳ್ಳೆಯದಾದರೂ ನೂರಕ್ಕೆ ಹತ್ತರಷ್ಟು ಆಚೀಚೆ ಆಗುತ್ತದೆ, ಅಂದರೆ ಸರೋಜಾ ಅವರ ವಿಷಯದಲ್ಲಿ ದಿನಕ್ಕೆ ಇನ್ನೂರು ಕ್ಯಾಲೊರಿ. ಆದ್ದರಿಂದ 1,600 ಎಂಬುದು ಮೊದಲ ಅಂದಾಜು ಅಷ್ಟೆ. ವಾರಕ್ಕೊಂದು ಸಲ, ಬೆಳಗ್ಗೆ ಬರಿಹೊಟ್ಟೆಯಲ್ಲಿ ತೂಕ ನೋಡಿ ಬರೆದಿಡಬೇಕು. ಒಂದು ವಾರದ ಅಂಕಿಯನ್ನು ನಂಬಬಾರದು, ನಾಲ್ಕು ವಾರದ್ದನ್ನು ನಂಬಬಹುದು. ನಾಲ್ಕು ವಾರ ಅಳೆದೇ ತಿಂದರೂ ಕದಲದಿದ್ದರೆ 150 ಕಡಿಮೆ ಮಾಡಿ ನೋಡಬೇಕು. ಮೊದಲ ತಿಂಗಳಾದ ಮೇಲೂ ವಾರಕ್ಕೆ ಒಂದು ಕೆ.ಜಿ.ಗಿಂತ ಹೆಚ್ಚು ಇಳಿಯುತ್ತಿದ್ದರೆ ಅಷ್ಟನ್ನೇ ಹೆಚ್ಚಿಸಬೇಕು. ಆ ವೇಗದಲ್ಲಿ ಸ್ನಾಯುವೂ ಹೋಗುತ್ತಿರುವ ಸಾಧ್ಯತೆ ಇದೆ. ಸ್ನಾಯು ಹೋಗುತ್ತಿದೆಯೇ ಎಂದು ತಿಳಿಯಲು ಯಂತ್ರವೇ ಬೇಕೆಂದಿಲ್ಲ. ಕುರ್ಚಿಯಿಂದ ಕೈ ಊರದೆ ಅರ್ಧ ನಿಮಿಷದಲ್ಲಿ ಎಷ್ಟು ಸಲ ಏಳಬಲ್ಲಿರಿ ಎಂದು ಶುರುವಿನಲ್ಲೇ ಎಣಿಸಿಡಿ. ತಿಂಗಳಿಗೊಮ್ಮೆ ಮತ್ತೆ ಎಣಿಸಿ. ತೂಕ ಇಳಿದಂತೆ ಈ ಸಂಖ್ಯೆ ಏರಬೇಕು. ತೂಕವೂ ಇಳಿದು ಇದೂ ಇಳಿದರೆ ಎಲ್ಲೋ ತಪ್ಪಿದೆ ಎಂದರ್ಥ. ಎರಡು ಮೂರು ತಿಂಗಳಿಗೆ ಬಾಚಣಿಗೆ ತುಂಬ ಕೂದಲು ಬರತೊಡಗಿದರೂ ಊಟ ತೀರಾ ಕಡಿಮೆಯಾಗಿದೆಯೇ ಎಂದು ಅನುಮಾನಿಸಬೇಕು. ವಾರಕ್ಕೆ ಎರಡು ಮೂರು ದಿನ ಭಾರ ಎತ್ತುವ ವ್ಯಾಯಾಮ ಇಲ್ಲದೆ ಪ್ರೋಟೀನ್ ಒಂದರಿಂದಲೇ ಸ್ನಾಯು ಉಳಿಯುವುದಿಲ್ಲ. ಮನೆಯಲ್ಲಿ ಎರಡು ನೀರಿನ ಬಾಟಲಿ, ಗೋಡೆಗೆ ಕೈಕೊಟ್ಟು ಮಾಡುವ ದಂಡ, ಆ ಕುರ್ಚಿ ಸಾಕು.

ಈ ಲೆಕ್ಕ ಹೊಂದದವರೂ ಇದ್ದಾರೆ. ಗರ್ಭಿಣಿಯರು, ಎದೆಹಾಲು ಉಣಿಸುವವರು, ಬೆಳೆಯುವ ಮಕ್ಕಳು ಇದನ್ನು ಹಿಡಿಯಬಾರದು. ಅರವತ್ತು ದಾಟಿದವರು ಕ್ಯಾಲೊರಿಗೆ ಕತ್ತರಿ ಹಾಕುವಾಗ ಇನ್ನೂ ನಿಧಾನವಾಗಿರಬೇಕು, ಅವರು ಕಳೆದುಕೊಂಡ ಸ್ನಾಯು ಸುಲಭಕ್ಕೆ ವಾಪಸ್ ಬರುವುದಿಲ್ಲ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಪ್ರೋಟೀನ್ ಎಷ್ಟೆಂದು ಹೇಳಬೇಕಾದವರು ಅವರ ವೈದ್ಯರೇ, ಯಾವ ಸೂತ್ರವೂ ಅಲ್ಲ. ಸಕ್ಕರೆ, ಬಿಪಿ ಹಳೆಯದಾಗಿದ್ದವರಲ್ಲಿ ಈ ಕಾಯಿಲೆ ಸದ್ದಿಲ್ಲದೆ ಶುರುವಾಗಿರುವುದುಂಟು. ಆದ್ದರಿಂದ ಬೇಳೆ-ಸೋಯಾ ಹೆಚ್ಚಿಸುವ ಮೊದಲು ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಪರೀಕ್ಷೆ ಮಾಡಿಸಿಕೊಳ್ಳಿ.

ಇನ್ನೊಂದು ಮಾತು ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಗ್ಲಿಮಿಪಿರೈಡ್‌ನಂಥ ಮಾತ್ರೆ ನುಂಗುವವರಿಗೆ. ಮೊದಲಿನ ಊಟಕ್ಕೆ ಹೊಂದಿಸಿ ಕೊಟ್ಟ ಡೋಸ್ ಈಗಿನ ಊಟಕ್ಕೆ ಹೆಚ್ಚಾಗಿ, ಸಕ್ಕರೆ ದಿಢೀರನೆ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಅನ್ನ ಕಡಿಮೆ ಮಾಡುವ ವಾರವೇ ನಿಮ್ಮ ಡಾಕ್ಟರಿಗೆ ತಿಳಿಸಿ, ಡೋಸ್ ಬದಲಿಸಬೇಕೇ ಎಂದು ಕೇಳಿ. ಬಿಪಿ ಮಾತ್ರೆಯ ವಿಷಯವನ್ನೂ ಅದೇ ಭೇಟಿಯಲ್ಲಿ ಕೇಳಿಕೊಂಡು ಬನ್ನಿ.